ಹಿಂದಿರುಗಿಸಿ ಎನ್ನುವವರೇ, ಎಲ್ಲಿಗೆ?

ರೈತರ ಸಭೆಗಳಲ್ಲಿ ಊಟಕ್ಕೆ ಮುಂಚಿನ ಹತ್ತು ನಿಮಿಷ ಒಂದು ಭಾಷಣಕ್ಕೆ ಮೀಸಲಾಗಿರುತ್ತದೆ. ಹಾರ, ಶಾಲು, ಸಸಿಗೆ ನೀರೆರೆಯುವ ಉದ್ಘಾಟನೆ ಎಲ್ಲ ಆಗಿರುತ್ತದೆ. ಬೆಳೆ ವಿಮೆ, ಮಣ್ಣು ಪರೀಕ್ಷೆ, ಹೊಸ ತಳಿಯ ಮಾತೂ ಮುಗಿದಿರುತ್ತದೆ. ಹಿಂದಿನ ಸಾಲಿನವರು ಅನ್ನ ಸಾರಿನ ವಾಸನೆಗೆ ತಲೆ ತಿರುಗಿಸುತ್ತಿರುವಾಗ ಒಬ್ಬರು ಎದ್ದು ಕೀಟನಾಶಕದ ಖಾಲಿ ಡಬ್ಬ ಮತ್ತು ಮಲ್ಚಿಂಗ್ ಪೇಪರಿನ ಬಗ್ಗೆ ಮಾತಾಡುತ್ತಾರೆ. ಡಬ್ಬವನ್ನು ಮೂರು ಸಲ ತೊಳೆಯಿರಿ, ತೂತು ಮಾಡಿ, ಸಾಧ್ಯವಾದರೆ ಹಿಂದಿರುಗಿಸಿ, ಇಲ್ಲದಿದ್ದರೆ ಊರಿನಿಂದ ದೂರ ಹೂಳಿ. ಪ್ಲಾಸ್ಟಿಕ್ಕನ್ನು ಹೊಲದಲ್ಲಿ ಬಿಡಬೇಡಿ, ಸುಡಲೂ ಬೇಡಿ. ರೈತರಲ್ಲಿ ಜಾಗೃತಿ ಬರಬೇಕು. ಚಪ್ಪಾಳೆ, ಫೋಟೊ, ಊಟ.

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಟೊಮೆಟೊ ಬೆಳೆಗಾರರು ಈ ಭಾಷಣವನ್ನು ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ಆದರೆ ಅಲ್ಲಿನ ಯಾವುದೇ ಬೋರ್‌ವೆಲ್ ತೊಟ್ಟಿಯ ಪಕ್ಕ ಒಂದು ಸುತ್ತು ಹಾಕಿದರೆ ಕಾಣುವುದೇ ಬೇರೆ. 100 ಮಿ.ಲೀ., 250 ಮಿ.ಲೀ.ನ ಬಿಳಿ ಬಾಟಲಿಗಳು ಬದುವಿನ ಹುಲ್ಲಿನಲ್ಲಿ ಬಿದ್ದಿರುತ್ತವೆ. ಅರ್ಧ ಹರಿದ ಬೆಳ್ಳಿ ಬಣ್ಣದ ಪಾಕೀಟುಗಳ ಮೂಲೆಯಲ್ಲಿ ಇನ್ನೂ ಹಳದಿ ಪುಡಿ ಅಂಟಿರುತ್ತದೆ. ಬೇಲಿಯ ಮುಳ್ಳಿಗೆ ಸಿಕ್ಕಿಕೊಂಡ ಮಲ್ಚಿಂಗ್ ಪೇಪರಿನ ಚಿಂದಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿರುತ್ತದೆ. ಇದನ್ನು ತೋರಿಸಿ ನೋಡಿ, ರೈತರಿಗೆ ಎಷ್ಟು ಹೇಳಿದರೂ ಬುದ್ಧಿ ಬರುವುದಿಲ್ಲ ಎನ್ನುವುದು ಇಲಾಖೆ, ಕಂಪನಿ, ಅಂಗಡಿ ಮೂವರಿಗೂ ಬಹಳ ಹಿತವಾದ ಮಾತು. ಕೃಷಿ ಪರಿಸರದ ಬಗ್ಗೆ ಕಾಳಜಿಯಿಂದ ಬರೆಯುವ ಪಟ್ಟಣದ ಜನರಿಗೂ ಅದು ರುಚಿಸುತ್ತದೆ. ತಪ್ಪೆಲ್ಲ ರೈತನ ತಲೆಯೊಳಗಿದೆ ಎಂದಾದ ಮೇಲೆ ಭಾಷಣವನ್ನು ಬಿಟ್ಟು ಬೇರೇನೂ ಮಾಡಬೇಕಾಗಿಲ್ಲವಲ್ಲ!

ಈ ಹಿತವಾದ ಮಾತು ಸುಳ್ಳು. ಸುಳ್ಳು ಎನ್ನುವುದಕ್ಕೆ ಸಭೆಯಲ್ಲಿ ಯಾರಾದರೂ ಎದ್ದು ಒಂದೇ ಒಂದು ಪ್ರಶ್ನೆ ಕೇಳಿದರೆ ಸಾಕು: "ವಾಪಸ್ ಕೊಡಿ ಅಂತೀರಲ್ಲ ಸಾರ್, ಎಲ್ಲಿಗೆ ತಂದುಕೊಡೋಣ?"

ಔಷಧಿ ಮಾರಿದ ಅಂಗಡಿಗೆ ಕೊಡೋಣವೇ? ಖಾಲಿ ಬಾಟಲಿ ಹಿಡಿದು ಹೋದವನನ್ನು ಅಂಗಡಿಯವರು ಮೇಲಿಂದ ಕೆಳಗೆ ನೋಡುತ್ತಾರೆ. ರೈತ ಸಂಪರ್ಕ ಕೇಂದ್ರಕ್ಕೆ ಕೊಡೋಣವೇ? ಹೋಬಳಿಗೊಂದು ಕೇಂದ್ರವಿದೆ, ಅಲ್ಲಿಂದಲೇ ಸಹಾಯಧನದಲ್ಲಿ ಕೀಟನಾಶಕ ಕೊಡುತ್ತಾರೆ, ಪಹಣಿ, ಆಧಾರ್ ಎಲ್ಲ ಕೇಳಿ ಪುಸ್ತಕದಲ್ಲಿ ಬರೆದುಕೊಂಡು ಕೊಡುತ್ತಾರೆ. ಕೊಟ್ಟಿದ್ದಕ್ಕೆ ಇಷ್ಟು ಲೆಕ್ಕ ಇಡುವ ಸರ್ಕಾರ ಖಾಲಿಯಾದದ್ದನ್ನು ವಾಪಸ್ ಪಡೆದ ಲೆಕ್ಕವನ್ನು ಯಾವ ಪುಸ್ತಕದಲ್ಲಿ ಇಟ್ಟಿದೆ? ಪಂಚಾಯಿತಿಯ ಕಸದ ಆಟೋಗೆ ಹಾಕೋಣವೇ? ಆ ಆಟೋ ಹೋಗುವುದು ಒಣಕಸ ವಿಂಗಡಿಸುವ ಘಟಕಕ್ಕೆ. ಅಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕೈಯಿಂದಲೇ ಒಂದೊಂದು ವಸ್ತುವನ್ನು ಬೇರೆ ಮಾಡುತ್ತಾರೆ. ತೊಳೆಯದ ಬಾಟಲಿಯ ಮುಚ್ಚಳ ತೆರೆದುಕೊಂಡು ಅವರ ಅಂಗೈಗೆ ಹರಿದರೆ ಯಾರು ಹೊಣೆ?

ಅಂದರೆ ಹಿಂದಿರುಗಿಸಿ ಎನ್ನುವ ಮಾತಿಗೆ ವಿಳಾಸವೇ ಇಲ್ಲ. ವಿಳಾಸವಿಲ್ಲದ ಕಡೆಗೆ ಹೋಗಲಿಲ್ಲವೆಂದು ರೈತನನ್ನು ಬೈಯುವುದು ಮಾತ್ರ ನಿಂತಿಲ್ಲ.

ಉಳಿದದ್ದು ಹೂಳುವುದು. ಈ ಸಲಹೆ ಎಲ್ಲಿಂದ ಬಂತೆಂದು ನೋಡಿದರೆ ಇನ್ನೂ ಸೋಜಿಗ. 1971ರ ಕೀಟನಾಶಕ ನಿಯಮಗಳಲ್ಲಿ 44ನೆಯದು ಬಳಸಿದ ಡಬ್ಬ, ಉಳಿದ ಔಷಧಿ ಮತ್ತು ತೊಳೆದ ನೀರಿನ ವಿಲೇವಾರಿಯ ಬಗ್ಗೆ ಇದೆ. ತಯಾರಕರು, ಮಿಶ್ರಣ ಮಾಡುವವರು ಮತ್ತು ಸಿಂಪಡಿಸುವವರು ಪರಿಸರಕ್ಕೂ ನೀರಿಗೂ ಕೆಡುಕಾಗದಂತೆ ಅವನ್ನು ವಿಲೇವಾರಿ ಮಾಡಬೇಕು, ಮತ್ತೆ ಬಳಕೆಯಾಗದಂತೆ ಹೊರಗೆ ಬಿಡಬಾರದು, ಒಡೆದು ಜನವಸತಿಯಿಂದ ದೂರ ಹೂಳಬೇಕು ಎನ್ನುತ್ತದೆ ಅದು. ಪಟ್ಟಿಯಲ್ಲಿ ಮೊದಲು ನಿಂತಿರುವವನು ತಯಾರಕ ಎನ್ನುವುದನ್ನು ಭಾಷಣಕಾರರು ಯಾರೂ ಓದಿ ಹೇಳುವುದಿಲ್ಲ. ಕೊನೆಯಲ್ಲಿ ನಿಂತಿರುವ ಹೂಳುವ ಮಾತನ್ನು ಮಾತ್ರ ತಪ್ಪದೆ ಹೇಳುತ್ತಾರೆ. ಐದು ದಶಕ ದಾಟಿದ ಈ ಸಾಲನ್ನು ಇಂದಿನ ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಅನ್ವಯಿಸಿ, ಊರಿನಿಂದ ದೂರ ಎಂದರೆ ಹೊಲ ಎಂದು ಅರ್ಥ ಮಾಡಿಕೊಂಡು, ಹೊಲವನ್ನೇ ತಿಪ್ಪೆ ಮಾಡಲು ಕಾನೂನಿನ ಒಪ್ಪಿಗೆ ಇದೆ ಎಂಬಂತೆ ನಡೆದುಕೊಳ್ಳಲಾಗುತ್ತಿದೆ.

ಹೂತ ಬಾಟಲಿ ಎಲ್ಲಿಗೂ ಹೋಗುವುದಿಲ್ಲ. ಒಳಗೆ ಉಳಿದ ಔಷಧಿ ಮಾತ್ರ ಮಳೆನೀರಿನ ಜೊತೆ ಹೋಗುತ್ತದೆ. ಕೋಲಾರದ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ಇಳಿಯುವುದು ಬಂಡೆಯ ಬಿರುಕುಗಳಲ್ಲಿ, ಬೋರ್‌ವೆಲ್ ಕುಡಿಯುವುದೂ ಅದೇ ಬಿರುಕುಗಳಿಂದ. ಡಬ್ಬವನ್ನು ಊರಿಂದ ದೂರ ಹೂತಿದ್ದೇವೆ ಎನ್ನುವ ಸಮಾಧಾನ ನೆಲದ ಮೇಲೆ ನಿಂತವರದ್ದು, ನೀರಿಗೆ ಊರಿನ ಗಡಿಯ ಹಂಗಿಲ್ಲ. ಸುಟ್ಟರೆ? ಬಿಸಿ ಸಾಲದ ಬಯಲು ಬೆಂಕಿಯಲ್ಲಿ ಪ್ಲಾಸ್ಟಿಕ್ಕೂ ಪೂರ್ತಿ ಉರಿಯುವುದಿಲ್ಲ, ಔಷಧಿಯೂ ಪೂರ್ತಿ ನಾಶವಾಗುವುದಿಲ್ಲ. ಕ್ಲೋರಿನ್ ಇರುವ ಔಷಧಿ ಅಂಟಿದ್ದರೆ ಹೊಗೆಯಲ್ಲಿ ಹೊಸ ವಿಷಗಳೇ ಹುಟ್ಟಬಹುದು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಆದೇಶ ಮಾಡಿದೆ. ಸುಡಬೇಡ ಎನ್ನುವುದಕ್ಕೆ ದಂಡವಿದೆ, ಹಾಗಾದರೆ ಏನು ಮಾಡಲಿ ಎನ್ನುವುದಕ್ಕೆ ಉತ್ತರವಿಲ್ಲ.

ಮೂರನೆಯ ದಾರಿ ಗುಜರಿ. ಐದು ಲೀಟರ್, ಇಪ್ಪತ್ತು ಲೀಟರಿನ ಕ್ಯಾನುಗಳಿಗೆ ಗುಜರಿಯವರು ಕಾಸು ಕೊಡುತ್ತಾರೆ, ಇಲ್ಲವೇ ಮನೆಯಲ್ಲೇ ಯಾವುದಕ್ಕಾದರೂ ಆಗುತ್ತದೆ ಎಂದು ಉಳಿಯುತ್ತವೆ. ಇದರ ಕೊನೆ ಎಲ್ಲಿಗೆ ಮುಟ್ಟಬಹುದು ಎನ್ನುವುದನ್ನು ಈ ದೇಶ ಒಮ್ಮೆ ಕಣ್ಣಾರೆ ಕಂಡಿದೆ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಉಂಡ ಮಕ್ಕಳಲ್ಲಿ 23 ಮಂದಿ ಸತ್ತರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇದ್ದದ್ದು ಪ್ರಯೋಗಾಲಯದ ಪರೀಕ್ಷೆಯಲ್ಲಿ ಗೊತ್ತಾಯಿತು. ಎಣ್ಣೆಯನ್ನು ಹಿಂದೆ ಕೀಟನಾಶಕ ತುಂಬಿದ್ದ ಡಬ್ಬದಲ್ಲಿ ಇಟ್ಟಿದ್ದಿರಬೇಕು ಎಂದು ಅಧಿಕಾರಿಗಳು ಆಗಲೇ ಹೇಳಿದ್ದರು. ಮುಖ್ಯೋಪಾಧ್ಯಾಯಿನಿಗೆ ಶಿಕ್ಷೆಯಾಯಿತು. ಖಾಲಿ ಡಬ್ಬ ಅಡುಗೆಮನೆಗೆ ಬರುವ ದಾರಿಯನ್ನು ಮುಚ್ಚುವ ವ್ಯವಸ್ಥೆ ಆಯಿತೇ?

ಇಲ್ಲಿ ಕಾನೂನಿನ ಇನ್ನೊಂದು ವಿನೋದವನ್ನೂ ನೋಡಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ ಅಪಾಯಕಾರಿ ರಾಸಾಯನಿಕ ಅಂಟಿದ ಖಾಲಿ ಪೀಪಾಯಿ, ಡಬ್ಬಗಳು ಹೆಸರು ಹಿಡಿದೇ ಸೇರಿವೆ. ಕಾರ್ಖಾನೆಯ ಅಂಗಳದಲ್ಲಿ ಅಂಥ ಪೀಪಾಯಿ ಬಿದ್ದರೆ ಅದಕ್ಕೆ ಲೆಕ್ಕ, ಚೀಟಿ, ಸಾಗಣೆಯ ದಾಖಲೆ ಎಲ್ಲ ಬೇಕು. ಅದೇ ಔಷಧಿ ಸಣ್ಣ ಬಾಟಲಿಯಲ್ಲಿ ಹೊಲದ ಬದುವಿಗೆ ಬಂದ ಕೂಡಲೇ ಬರೀ ಕಸವಾಗಿ ಬಿಡುತ್ತದೆ, ಕೇಳುವವರು ಯಾರೂ ಇಲ್ಲ.

ಕಂಪನಿಗಳನ್ನು ಕೇಳಿದರೆ ತಮ್ಮ ಪಾಲಿನ ಕೆಲಸ ಆಗಿದೆ ಎನ್ನುತ್ತವೆ. ಕಾಗದದ ಮೇಲೆ ಅದು ನಿಜವೂ ಹೌದು, ಸಿಟ್ಟು ಬರಬೇಕಾದ್ದೇ ಅಲ್ಲಿ. ಪ್ಲಾಸ್ಟಿಕ್ ಪ್ಯಾಕಿಂಗ್ ಬಳಸುವ ಉತ್ಪಾದಕನೇ ಆ ಪ್ಲಾಸ್ಟಿಕ್ಕಿನ ಮರುಬಳಕೆಗೆ ಹೊಣೆ ಎಂದು 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ತಂದಿತು. ಗಟ್ಟಿ ಬಾಟಲಿಗೆ ಒಂದು ವರ್ಗ, ತೆಳು ಚೀಲಕ್ಕೆ ಇನ್ನೊಂದು, ಹಲವು ಪದರದ ಪಾಕೀಟಿಗೆ ಮತ್ತೊಂದು ಎಂದು ವಿಂಗಡಿಸಿತು. ಆದರೆ ತನ್ನದೇ ಬಾಟಲಿಯನ್ನು ಹಳ್ಳಿಗೆ ಹೋಗಿ ತರಬೇಕು ಎಂದು ಅದು ಹೇಳುವುದಿಲ್ಲ. ಅದೇ ವರ್ಗದ ಪ್ಲಾಸ್ಟಿಕ್ಕನ್ನು ಮರುಬಳಕೆ ಮಾಡಿದ ಘಟಕದಿಂದ ಪ್ರಮಾಣಪತ್ರ ಕೊಂಡರೆ ಲೆಕ್ಕ ಚುಕ್ತಾ. ಬೆಂಗಳೂರಿನ ಮನೆಗಳ ಶಾಂಪೂ ಬಾಟಲಿ ಗುಜರಿಗೆ ಹೋಗಿ ಕರಗಿದರೆ, ಆ ಕಾಗದದ ಬಲದಿಂದ ಮುಳಬಾಗಿಲಿನ ಬದುವಿನಲ್ಲಿ ಬಿದ್ದ ಕೀಟನಾಶಕದ ಬಾಟಲಿಯೂ ಲೆಕ್ಕದಲ್ಲಿ ಮಾಯವಾಗಬಹುದು. ಬದುವಿನಲ್ಲಿ ಅದು ಇದ್ದಲ್ಲೇ ಇರುತ್ತದೆ. ಕಂಪನಿಯ ವಾರ್ಷಿಕ ವರದಿಯಲ್ಲಿ ಹಸಿರು ಎಲೆಯ ಚಿತ್ರ ಬರುತ್ತದೆ.

ಬೇರೆ ದಾರಿಯೇ ಇಲ್ಲ, ಭಾರತದಂಥ ದೇಶದಲ್ಲಿ ಇದು ಸಾಧ್ಯವಿಲ್ಲ ಎನ್ನುವವರು ಬ್ರೆಜಿಲ್ ಕಡೆ ನೋಡಲಿ. ಅದು ಶ್ರೀಮಂತ ಯೂರೋಪಿನ ದೇಶವಲ್ಲ, ಜಗತ್ತಿನಲ್ಲೇ ಅತಿ ಹೆಚ್ಚು ಕೀಟನಾಶಕ ಸುರಿಯುವ ದೇಶಗಳಲ್ಲೊಂದು. 2000ದಲ್ಲಿ ಅಲ್ಲಿ ಕಾನೂನು ಬಂತು, 2002ರಲ್ಲಿ ವ್ಯವಸ್ಥೆ ಕೆಲಸ ಶುರು ಮಾಡಿತು. ರೈತ ಡಬ್ಬವನ್ನು ತೊಳೆದು, ಕೊಂಡ ಒಂದು ವರ್ಷದೊಳಗೆ ತಂದೊಪ್ಪಿಸಬೇಕು. ಎಲ್ಲಿಗೆ ತರಬೇಕು ಎನ್ನುವುದನ್ನು ಅಂಗಡಿಯವನು ಬಿಲ್ಲಿನಲ್ಲೇ ಬರೆದು ಕೊಡಬೇಕು. ಅಲ್ಲಿಂದ ಮುಂದೆ ಸಾಗಿಸಿ ಮರುಬಳಕೆಗೋ ಸುಡುವ ಕುಲುಮೆಗೋ ಕಳಿಸುವುದು ತಯಾರಕರ ಪಾಲು. ಅದಕ್ಕೆಂದೇ ತಯಾರಕರು ಸೇರಿ ಇನ್‌ಪೆವ್ ಎಂಬ ಸಂಸ್ಥೆ ಕಟ್ಟಿಕೊಂಡರು. ಔಷಧಿ ನೇರ ತಾಗುವ ಪ್ಲಾಸ್ಟಿಕ್ ಡಬ್ಬಗಳಲ್ಲಿ ಶೇ. 90ಕ್ಕೂ ಹೆಚ್ಚು ಅಲ್ಲಿ ವಾಪಸ್ ಬರುತ್ತವೆ. ಅಲ್ಲಿಯ ರೈತರು ದೊಡ್ಡವರು, ನಮ್ಮವರು ಒಂದೆರಡು ಎಕರೆಯವರು ಎನ್ನುವ ಸಬೂಬೂ ನಿಲ್ಲುವುದಿಲ್ಲ. ಕೇಂದ್ರಗಳಿಂದ ದೂರ ಇರುವ ಸಣ್ಣ ರೈತರಿಗಾಗಿ ಗೊತ್ತು ಮಾಡಿದ ದಿನ ಊರ ಹತ್ತಿರವೇ ಬಂದು ಡಬ್ಬ ಪಡೆಯುವ ಪದ್ಧತಿಯನ್ನು ಅವರು ಮಾಡಿಕೊಂಡಿದ್ದಾರೆ.

ಬ್ರೆಜಿಲ್ ದೂರವಾಯಿತೇ? ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹಾಯ್ದರೆ ನೀಲಗಿರಿ. ಅಲ್ಲಿ 2022ರಿಂದ ಸರ್ಕಾರಿ ಮದ್ಯದಂಗಡಿಯಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಹಿಡಿದು, ಖಾಲಿ ಬಾಟಲಿ ತಂದರೆ ಆ ಹಣ ವಾಪಸ್ ಕೊಡುತ್ತಾರೆ. ಕಾಡಿನಲ್ಲಿ ಒಡೆದ ಗಾಜು ಆನೆಯ ಕಾಲಿಗೆ ಚುಚ್ಚುತ್ತದೆ ಎಂದು ಮದ್ರಾಸ್ ಹೈಕೋರ್ಟು ಪಟ್ಟು ಹಿಡಿದ ಮೇಲೆ ಬಂದ ವ್ಯವಸ್ಥೆ ಅದು. ಕುಡಿದವರೂ ಬಾಟಲಿ ಹಿಡಿದು ವಾಪಸ್ ಬರುತ್ತಾರೆ. ಅವರಲ್ಲಿ ಇದ್ದಕ್ಕಿದ್ದಂತೆ ಯಾವ ಜಾಗೃತಿ ಉಕ್ಕಿತು? ಹತ್ತು ರೂಪಾಯಿ ಇತ್ತು, ಕೊಡಲು ಒಂದು ಕಿಟಕಿ ಇತ್ತು, ಅಷ್ಟೆ. ಕುಡಿದವನಿಗೆ ಸಾಧ್ಯವಾದದ್ದು ಕೂಲಿ ಕೊಟ್ಟು ಬೆಳೆ ಬೆಳೆಯುವವನಿಗೆ ಆಗುವುದಿಲ್ಲ ಎನ್ನುವವರು ರೈತನನ್ನು ಏನೆಂದು ತಿಳಿದಿದ್ದಾರೆ?

ಇನ್ನು ರೈತನ ಪಾಲಿನ ಕೆಲಸ. ಅದರಲ್ಲೂ ಭಾಷಣ ಸೋಲುತ್ತದೆ, ಏಕೆಂದರೆ ಮೂರು ಸಲ ತೊಳೆಯಿರಿ ಎನ್ನುತ್ತದೆಯೇ ಹೊರತು ಹೇಗೆ, ಯಾವಾಗ, ಏಕೆ ಮೂರು ಎನ್ನುವುದನ್ನು ಹೇಳುವುದಿಲ್ಲ. 250 ಮಿ.ಲೀ. ಬಾಟಲಿಯನ್ನು ಬಗ್ಗಿಸಿದ ಮೇಲೂ ಒಳಗೋಡೆಗೆ ಅಂಟಿ 5 ಮಿ.ಲೀ. ಉಳಿದಿದೆ ಎಂದುಕೊಳ್ಳೋಣ. ಬಾಟಲಿಯ ಕಾಲು ಭಾಗದಷ್ಟು, ಅಂದರೆ 60 ಮಿ.ಲೀ. ನೀರು ಹಾಕಿ, ಮುಚ್ಚಳ ಬಿಗಿದು ಅರ್ಧ ನಿಮಿಷ ಕುಲುಕಿ, ಸಿಂಪಡಿಸುವ ಡ್ರಮ್ಮಿಗೇ ಸುರಿದು, ತೊಟ್ಟಿಕ್ಕುವುದು ನಿಲ್ಲುವವರೆಗೆ ಬೋರಲು ಹಿಡಿದರೆ ಉಳಿಯುವ ಔಷಧಿ ಹದಿಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಮತ್ತೆ ಎರಡು ಸಲ ಹೀಗೇ ಮಾಡಿದರೆ ಎರಡು ಸಾವಿರದಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಇಷ್ಟಕ್ಕೆ ಬಳಕೆಯಾದ ನೀರು 180 ಮಿ.ಲೀ. ಮಾತ್ರ. ಅದರ ಬದಲು ಒಮ್ಮೆಗೇ ಬಾಟಲಿ ತುಂಬ ನೀರು ತುಂಬಿ ಸುರಿದರೆ ನೀರೂ ಹೆಚ್ಚು ಖರ್ಚು, ಉಳಿಯುವ ಔಷಧಿಯೂ ಐವತ್ತರಲ್ಲಿ ಒಂದು ಪಾಲು. ಮೂರರ ಗುಟ್ಟು ಇಷ್ಟೇ. ಸಭೆಯಲ್ಲಿ ಒಂದು ಬಾಟಲಿಗೆ ಬಣ್ಣದ ನೀರು ಹಾಕಿ ತೋರಿಸಿದರೆ ಎರಡು ನಿಮಿಷದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಯಾರು ತೋರಿಸಿದ್ದಾರೆ?

ತೊಳೆಯಬೇಕಾದ್ದು ಖಾಲಿಯಾದ ಗಳಿಗೆಯಲ್ಲೇ, ಸಂಜೆ ಮನೆಗೆ ಹೋಗುವಾಗಲ್ಲ. ಒಣಗಿ ಗೋಡೆಗೆ ಹಿಡಿದ ಔಷಧಿ ಬರೀ ನೀರಿಗೆ ಬಿಡುವುದಿಲ್ಲ. ಮೊದಲು ಡ್ರಮ್ಮಿಗೆ ನೀರು ಪೂರ್ತಿ ತುಂಬಿಕೊಂಡರೆ ತೊಳೆದ ನೀರಿಗೆ ಜಾಗವಿರುವುದಿಲ್ಲ, ಆಗ ಅದು ಕಾಲುವೆಗೋ ತೊಟ್ಟಿಯ ಬುಡಕ್ಕೋ ಹೋಗುತ್ತದೆ. ಆದ್ದರಿಂದ ಸ್ವಲ್ಪ ಕೊರೆ ಬಿಟ್ಟು ತುಂಬಬೇಕು. ಕೈಗವಸು ಬಿಚ್ಚುವ ಮೊದಲೇ ಈ ಕೆಲಸ ಮುಗಿಯಬೇಕು. ತೂತನ್ನು ಬಾಟಲಿಯ ತಳಕ್ಕೆ ಹೊಡೆಯಬೇಕು, ಯಾವ ಔಷಧಿ ಇತ್ತು ಎಂದು ಮುಂದಿನವರು ಓದಲು ಲೇಬಲ್ ಉಳಿಯಬೇಕು. ಪುಡಿಯ ಪಾಕೀಟುಗಳನ್ನು ಹೀಗೆ ತೊಳೆದು ಚೊಕ್ಕ ಮಾಡುವುದು ಕಷ್ಟ. ಅವನ್ನು ಬಾಟಲಿಗಳ ಜೊತೆ ಬೆರೆಸದೆ ಬೇರೆ ಚೀಲದಲ್ಲಿ ಕಟ್ಟಿಡಬೇಕು.

ಇಷ್ಟು ಮಾಡಲು ಪುರುಸೊತ್ತಿಲ್ಲ ಎನ್ನುವ ರೈತರನ್ನೂ ಇಲ್ಲಿ ಬಿಡುವಂತಿಲ್ಲ. ನೂರು ಮಿ.ಲೀ.ಗೆ ಸಾವಿರ ರೂಪಾಯಿಯ ಮೇಲೆ ಬೆಲೆ ಇರುವ ಔಷಧಿಯನ್ನು ಅಂಗಡಿಯಲ್ಲಿ ಹತ್ತು ರೂಪಾಯಿಗೂ ಚೌಕಾಸಿ ಮಾಡಿ ತಂದು, ಅದರ ಒಂದು ಪಾಲನ್ನು ಬಾಟಲಿಯ ಗೋಡೆಗೇ ಬಿಟ್ಟು ಬದುವಿಗೆ ಎಸೆಯುವುದು ಯಾವ ಜಾಣತನ? ಅದೇ ಬದುವಿನ ಹುಲ್ಲನ್ನು ಕೊಯ್ದು ಸೀಮೆ ಹಸುವಿಗೆ ಹಾಕಿ, ಅದರ ಹಾಲನ್ನು ಡೇರಿಗೆ ಹಾಕುವುದೂ ಅದೇ ಮನೆಯವರೇ.

ಬಾಟಲಿಯ ಕತೆ ಹೀಗಾದರೆ ಮಲ್ಚಿಂಗ್ ಪೇಪರಿನದು ಇನ್ನೂ ಕೆಟ್ಟದ್ದು. ಬಾಟಲಿಗೆ ಹಳೆಯದೋ ಹುಳುಕೋ ಒಂದು ನಿಯಮವಾದರೂ ಇದೆ. ಹೊದಿಕೆ ಪ್ಲಾಸ್ಟಿಕ್ ಪ್ಯಾಕಿಂಗ್ ಅಲ್ಲವಾದ್ದರಿಂದ ಉತ್ಪಾದಕರ ಹೊಣೆ ಹೇಳುವ 2022ರ ಆ ಮಾರ್ಗಸೂಚಿಯ ಬಲೆಗೆ ಅದು ಬೀಳಲೇ ಇಲ್ಲ. ಸರ್ಕಾರ ಅದನ್ನು ಹಾಸಲು ದುಡ್ಡು ಕೊಡುತ್ತದೆ. ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ನಿನ 2014ರ ಮಾರ್ಗಸೂಚಿಯಲ್ಲಿ ಹೆಕ್ಟೇರಿಗೆ 32,000 ರೂಪಾಯಿ ವೆಚ್ಚ ಎಂದು ಹಿಡಿದು ಅರ್ಧ ಸಹಾಯಧನ, ಎರಡು ಹೆಕ್ಟೇರಿನವರೆಗೆ ಎಂದಿತ್ತು. ಹಾಸುವುದಕ್ಕೆ ಇಷ್ಟು, ಎತ್ತುವುದಕ್ಕೆ ಎಷ್ಟು? ಬೆಳೆ ಮುಗಿದ ಮೇಲೆ ಬಂದು ಎತ್ತಿದ್ದೀರಾ ಎಂದು ನೋಡುವ ಅಧಿಕಾರಿ ಯಾರು? ಹಾಸಿದಾಗ ಫೋಟೊ ತೆಗೆದ ಮೊಬೈಲು ಎತ್ತುವಾಗ ಎಲ್ಲಿಗೆ ಹೋಯಿತು?

ಒಂದು ಎಕರೆಯ ಲೆಕ್ಕ ಹಾಕಿದರೆ ವಿಷಯ ಬಯಲಾಗುತ್ತದೆ. ಟೊಮೆಟೊ ಸಾಲಿನಿಂದ ಸಾಲಿಗೆ ಐದು ಅಡಿ ಬಿಟ್ಟರೆ ಎಕರೆಗೆ ಸುಮಾರು 2,700 ಮೀಟರ್ ಉದ್ದದ ಪೇಪರ್ ಬೇಕು. ನಾಲ್ಕು ಅಡಿ ಅಗಲ, 400 ಮೀಟರ್ ಉದ್ದ, 25 ಮೈಕ್ರಾನ್ ದಪ್ಪದ ರೋಲು ಸುಮಾರು 11 ಕಿಲೊ ತೂಗಬೇಕು. ಅಂಥ ಏಳು ರೋಲು, ಅಂದರೆ ಎಕರೆಗೆ ಹತ್ತಿರ ಹತ್ತಿರ 75 ಕಿಲೊ ಪ್ಲಾಸ್ಟಿಕ್. ಎತ್ತುವಾಗ ಹತ್ತರಲ್ಲಿ ಒಂದು ಪಾಲು ಹರಿದು ಮಣ್ಣಲ್ಲೇ ಉಳಿಯಿತು ಎಂದರೆ ಬೆಳೆಗೆ ಏಳೂವರೆ ಕಿಲೊ. ಹತ್ತು ಬೆಳೆ ಕಳೆಯುವಷ್ಟರಲ್ಲಿ ಒಂದಿಡೀ ಎಕರೆಗೆ ಹಾಸುವಷ್ಟು ಪ್ಲಾಸ್ಟಿಕ್ ಚೂರು ಚೂರಾಗಿ ಅದೇ ಮಣ್ಣಿನೊಳಗೆ ಇರುತ್ತದೆ. ಬೇರಿಗೂ ನೀರಿಗೂ ಅದು ಅಡ್ಡ. ಬೆಳೆ ಮುಗಿದ ಹೊಲಕ್ಕೆ ದನ ಕುರಿ ಬಿಟ್ಟಾಗ ಎಲೆಯ ಜೊತೆ ಹೊಟ್ಟೆಗೂ ಹೋಗುತ್ತದೆ, ಹೋದದ್ದು ಮೆಲುಕಿಗೂ ಬರುವುದಿಲ್ಲ, ಸಗಣಿಯಲ್ಲೂ ಹೊರಬೀಳುವುದಿಲ್ಲ.

ಅಷ್ಟು ಉಳಿಯುವುದು ಏಕೆ? ರೈತರ ಸೋಮಾರಿತನದಿಂದ ಎನ್ನುತ್ತದೆ ಭಾಷಣ. ಹೊಲದಲ್ಲಿ ಬಗ್ಗಿ ನೋಡಿದರೆ ಕಾರಣ ಪ್ಲಾಸ್ಟಿಕ್ಕಿನಲ್ಲೇ ಕಾಣುತ್ತದೆ. ಪೇಪರಿನ ನಡುಭಾಗಕ್ಕೆ ಬಿಸಿಲು ಬಡಿದು ಅದು ಪೆಡಸಾಗುತ್ತದೆ. ಎರಡೂ ಅಂಚು ಮಣ್ಣೊಳಗೆ ಇರುವುದರಿಂದ ಗಟ್ಟಿಯಾಗಿಯೇ ಇರುತ್ತವೆ. ಎಳೆದಾಗ ಬಿಸಿಲು ಮತ್ತು ಮಣ್ಣು ಸೇರುವ ಗೆರೆಯಲ್ಲೇ ಸೀಳಿ, ನಡುಭಾಗ ಕೈಗೆ ಬರುತ್ತದೆ, ಅಂಚು ಮಣ್ಣಲ್ಲಿ ಉಳಿಯುತ್ತದೆ. ಟೊಮೆಟೊ ಮುಗಿದ ಮೇಲೆ ಅದೇ ತೂತುಗಳಲ್ಲಿ ಸೌತೆಯನ್ನೋ ಹುರುಳಿಕಾಯಿಯನ್ನೋ ಎರಡನೇ ಬೆಳೆಯಾಗಿ ತೆಗೆದರೆ ಪೆಡಸು ಇನ್ನೂ ಹೆಚ್ಚು. ಆಮೇಲೆ ಕೂಲಿ ಉಳಿಸಲು ಟ್ರ್ಯಾಕ್ಟರಿಗೆ ರೋಟವೇಟರ್ ಕಟ್ಟಿ ಒಂದು ಸಲ ಹೊಡೆಸಿಬಿಟ್ಟರೆ ಮುಗಿಯಿತು. ಅಲ್ಲಿಯವರೆಗೆ ಪ್ಲಾಸ್ಟಿಕ್ ಎತ್ತಬಹುದಾಗಿತ್ತು, ರೋಟವೇಟರ್ ಹೊಡೆದ ಮೇಲೆ ದೇವರೂ ಎತ್ತಲಾರ.

ಆದ್ದರಿಂದ ಎತ್ತುವ ಕೆಲಸ ಶುರುವಾಗುವುದು ಕೊಳ್ಳುವ ದಿನ. ಅಗ್ಗದ ರೋಲಿನ ಮೇಲೆ 25 ಮೈಕ್ರಾನ್ ಎಂದು ಬರೆದಿರುತ್ತದೆ, ತಕ್ಕಡಿಗಿಟ್ಟರೆ 9 ಕಿಲೊ ತೋರಿಸುತ್ತದೆ. ಅಂದರೆ ಅದು ಹೆಚ್ಚೆಂದರೆ 20 ಮೈಕ್ರಾನ್, ಇಲ್ಲವೇ ಉದ್ದದಲ್ಲಿ ಮೋಸ. ದಪ್ಪ ಅಳೆಯುವ ಯಂತ್ರ ರೈತನ ಬಳಿ ಇಲ್ಲದಿರಬಹುದು, ತಕ್ಕಡಿ ಎಲ್ಲ ಮಂಡಿಯಲ್ಲೂ ಇದೆ. ರೋಲಿನ ಒಳಗಿನ ರಟ್ಟಿನ ಕೊಳವೆಯ ತೂಕ ಕಳೆದು ನೋಡಿದರೆ ಅಂಗಡಿಯಲ್ಲೇ ನಿಜ ತಿಳಿಯುತ್ತದೆ. ಹೊದಿಕೆ ಪ್ಲಾಸ್ಟಿಕ್ಕನ್ನು ಜಗತ್ತಿನಲ್ಲೇ ಅತಿ ಹೆಚ್ಚು ಹಾಸುವ ಚೀನಾ ತೀರಾ ತೆಳು ಹಾಳೆಯಿಂದ ತನ್ನ ಹೊಲಗಳನ್ನು ಕೆಡಿಸಿಕೊಂಡ ಮೇಲೆ, 2017ರಲ್ಲಿ ಕನಿಷ್ಠ ದಪ್ಪದ ಮಾನದಂಡವನ್ನೇ ಏರಿಸಿತು, 2020ರಲ್ಲಿ ವಾಪಸ್ ಪಡೆಯುವುದನ್ನು ಕಡ್ಡಾಯ ಮಾಡಿತು. ನಮ್ಮ ಇಲಾಖೆ ಸಹಾಯಧನ ಕೊಡುವ ಮೊದಲು ರೋಲನ್ನು ಒಂದು ಸಲ ತೂಗಲು ಏನು ಕಷ್ಟ?

ಈಗ ಹೊಸದೊಂದು ಮಾತು ಅಂಗಡಿಗಳಲ್ಲಿ ಓಡಾಡುತ್ತಿದೆ: ಈ ಪೇಪರ್ ತಾನೇ ಕರಗುತ್ತದೆ, ಎತ್ತುವುದೇ ಬೇಡ. ಮಣ್ಣಿನಲ್ಲಿ ನಿಜವಾಗಿ ಕೊಳೆಯುವ ಹೊದಿಕೆ ಇದೆ, ಅದಕ್ಕೆ ಯೂರೋಪಿನಲ್ಲಿ 2018ರ ಮಾನದಂಡವೂ ಇದೆ. ಎರಡು ವರ್ಷದೊಳಗೆ ಶೇ. 90 ಭಾಗ ಜೀವಾಣುಗಳಿಂದ ಕೊಳೆಯಬೇಕು ಎನ್ನುತ್ತದೆ ಅದು. ಅದರ ಬೆಲೆಯೂ ಹೆಚ್ಚು. ಮಾಮೂಲಿ ಪಾಲಿಥೀನಿಗೆ ಒಂದಿಷ್ಟು ರಾಸಾಯನಿಕ ಬೆರೆಸಿ ಬೇಗ ಪುಡಿಯಾಗುವಂತೆ ಮಾಡಿದ್ದು ಬೇರೆ. ಅದು ಕರಗುವುದಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ಅಂಥ ಪ್ಲಾಸ್ಟಿಕ್ಕಿನ ವಸ್ತುಗಳನ್ನು ಯೂರೋಪಿನ ಒಕ್ಕೂಟ 2021ರ ಜುಲೈನಿಂದ ನಿಷೇಧಿಸಿದೆ. ಕರಗುತ್ತದೆ ಎನ್ನುವವರಿಂದ ಯಾವ ಮಾನದಂಡ, ಎಷ್ಟು ದಿನ ಎಂದು ಬಿಲ್ಲಿನ ಮೇಲೆ ಬರೆಸಿಕೊಂಡರೆ ಮಾತಿನ ಬಣ್ಣ ಬಯಲಾಗುತ್ತದೆ.

ಎತ್ತುವ ಕ್ರಮವೂ ಕಷ್ಟದ ವಿದ್ಯೆಯಲ್ಲ. ಕೋಲು, ದಾರ ಬಿಚ್ಚಿ, ಗಿಡವನ್ನು ಕೀಳದೆ ಬುಡದಲ್ಲಿ ಕತ್ತರಿಸಿ, ಡ್ರಿಪ್ ಪೈಪು ಸುತ್ತಿ ತೆಗೆಯಬೇಕು. ಗಿಡ ಕಿತ್ತರೆ ಬೇರಿನ ಜೊತೆ ತೂತು ಹರಿದು ಹಾಳೆ ಚಿಂದಿಯಾಗುತ್ತದೆ. ನೀರು ನಿಲ್ಲಿಸಿ ಮಣ್ಣು ಸ್ವಲ್ಪ ಆರಿದ ಮೇಲೆ ಎರಡೂ ಅಂಚಿನ ಮಣ್ಣನ್ನು ಗುದ್ದಲಿಯಿಂದ ಬಿಡಿಸಿ, ಒಂದು ತುದಿಯಿಂದ ಸುತ್ತುತ್ತ ಬರಬೇಕು, ಎಳೆಯಬಾರದು. ಒದ್ದೆ ಮಣ್ಣಿನ ಸಮೇತ ಎತ್ತಿದರೆ 75 ಕಿಲೊ ಪ್ಲಾಸ್ಟಿಕ್ 150 ಕಿಲೊ ತೂಗಬಹುದು, ಅಂಥದ್ದನ್ನು ಮರುಬಳಕೆಯವರು ಕಣ್ಣೆತ್ತಿಯೂ ನೋಡುವುದಿಲ್ಲ. ಒಣಗಿಸಿ ಕೊಡವಿ ಸುರುಳಿ ಕಟ್ಟಿದ ಹಾಳೆಯನ್ನು ಪಂಚಾಯಿತಿಯ ಒಣಕಸ ಘಟಕ ಪಡೆಯಬಹುದು. ಮರುಬಳಕೆಗೆ ಬಾರದ ಕೊಳಕು ಹಾಳೆಗೂ ದಾರಿ ಇದೆ. ನಗರಗಳ ಅಂಥ ಪ್ಲಾಸ್ಟಿಕ್ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗುತ್ತದೆ. ನಗರದ ಕಸಕ್ಕೆ ಲಾರಿ ಸಿಗುತ್ತದೆ, ಹೊಲದ ಹಾಳೆಗೆ ಸಿಗುವುದಿಲ್ಲ.

ಹಾಗಾದರೆ ಮುಂದಿನ ರೈತ ಸಭೆಯ ಹತ್ತು ನಿಮಿಷ ಯಾರಿಗೆ ಸೇರಬೇಕು? ವೇದಿಕೆಯ ಮೇಲಿನವರು ಕೆಳಗಿನವರಿಗೆ ಹೇಳಿದ್ದು ಸಾಕು, ಇನ್ನು ಕೆಳಗಿನವರು ಮೇಲಿನವರನ್ನು ಕೇಳಲಿ. ತೊಳೆದು ತಳಕ್ಕೆ ತೂತು ಹೊಡೆದ ಬಾಟಲಿಗಳನ್ನು ಚೀಲದಲ್ಲಿ ಕಟ್ಟಿ ಸಭೆಗೇ ತರಲಿ. ಇವನ್ನು ಪಡೆದ ರಸೀದಿ ಯಾರು ಕೊಡುತ್ತೀರಿ ಎಂದು ಕೇಳಲಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮಳೆ ಬೀಳದ, ಬೀಗ ಹಾಕುವ ಒಂದು ಜಾಲರಿ ಕೋಣೆ, ತಿಂಗಳಿಗೊಂದು ದಿನ ಅದನ್ನು ಖಾಲಿ ಮಾಡುವ ಕಂಪನಿಗಳ ವಾಹನ, ಪ್ರತಿ ಬಾಟಲಿಯ ಮೇಲೆ ಹತ್ತು ರೂಪಾಯಿ ಠೇವಣಿ, ವಾಪಸ್ ಕೊಡುವ ಜಾಗದ ಹೆಸರು ಅಂಗಡಿಯ ಬಿಲ್ಲಿನಲ್ಲೇ ಅಚ್ಚು. ಇವಿಷ್ಟನ್ನೂ ಒಂದೇ ನಿರ್ಣಯದಲ್ಲಿ ಬರೆದು ಗ್ರಾಮಸಭೆಯ ನಡಾವಳಿಗೆ ಸೇರಿಸಿ ಜಿಲ್ಲಾಧಿಕಾರಿಗೆ ಕಳಿಸಲಿ. ಪ್ರಮಾಣಪತ್ರ ಕೊಂಡು ಕೈ ತೊಳೆದುಕೊಳ್ಳುವ ಕಂಪನಿಗಳಿಗೆ, ಕೀಟನಾಶಕದ ಬಾಟಲಿಗೆ ಕೀಟನಾಶಕದ ಬಾಟಲಿಯೇ ಲೆಕ್ಕ, ಶಾಂಪೂ ಬಾಟಲಿ ಅಲ್ಲ ಎಂದು ನಿಯಮ ತಿದ್ದಲು ಕೇಂದ್ರದ ಮೇಲೆ ಒತ್ತಡ ತರುವುದು ರೈತ ಸಂಘಗಳ ಕೆಲಸ. ಬೆಲೆಗಾಗಿ ಹೆದ್ದಾರಿ ತಡೆಯುವ ಸಂಘಗಳು ಈ ಒಂದು ಸಾಲಿಗಾಗಿ ಒಮ್ಮೆಯಾದರೂ ಬೀದಿಗಿಳಿದಿವೆಯೇ?

ತೋಟಗಾರಿಕೆ ಇಲಾಖೆಗೆ ಹೇಳಬೇಕಾದ್ದು ಇನ್ನೂ ಸರಳ. ತೂಗಿ ನೋಡದ ರೋಲಿಗೆ ಸಹಾಯಧನ ಕೊಡುವುದನ್ನು ಈ ಹಂಗಾಮಿಗೇ ನಿಲ್ಲಿಸಬೇಕು. ಸಹಾಯಧನದ ಒಂದು ಪಾಲನ್ನು ಹಿಡಿದಿಟ್ಟು, ಬೆಳೆ ಮುಗಿದ ಮೇಲೆ ಒಣಗಿಸಿ ಕೊಡವಿದ ಹಾಳೆಯನ್ನು ಪಂಚಾಯಿತಿ ಘಟಕದ ತಕ್ಕಡಿಗೆ ಹಾಕಿದ ಚೀಟಿ ತೋರಿಸಿದಾಗ ಕೊಡಬೇಕು. ಎಕರೆಗೆ 75 ಕಿಲೊ ಹೋಗಿತ್ತು, ಎಷ್ಟು ವಾಪಸ್ ಬಂತು ಎನ್ನುವುದು ಆಗ ಚೀಟಿಯಲ್ಲೇ ಇರುತ್ತದೆ. ಎತ್ತುವ ಕೂಲಿಯನ್ನೂ ಆ ಯೋಜನೆಯ ವೆಚ್ಚದಲ್ಲೇ ಸೇರಿಸಬೇಕು. ಇದಕ್ಕೆ ಒಪ್ಪದ ಅಧಿಕಾರಿ ಜಾಗೃತಿಯ ಭಾಷಣಕ್ಕೆ ಎದ್ದು ನಿಂತರೆ, ಮೈಕು ಆರಿಸಿ ಊಟ ಬಡಿಸಲು ಹೇಳುವ ಹಕ್ಕು ಸಭೆಯಲ್ಲಿ ಕೂತ ಪ್ರತಿಯೊಬ್ಬ ರೈತನಿಗೂ ಇದೆ.